ಮಗನ ಜ್ವರಕ್ಕೆ ನಾನು ಬರೆದ ರಜೆ ಚೀಟಿ

ಮಗ ಎರಡನೇ ತರಗತಿಯಲ್ಲಿದ್ದಾಗ ಮೊದಲ ಸಲ ರಜೆ ಚೀಟಿ ಬರೆದುಕೊಟ್ಟೆ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ, ಶಾಲೆಗೆ ಹತ್ತು ನಿಮಿಷದ ದಾರಿ. ಬೆಳಗಿನ ಅವಸರದಲ್ಲಿ, ನಾನು ಶಾಲೆಯಲ್ಲಿ ಕಲಿತಿದ್ದ ರಜೆ ಅರ್ಜಿಯನ್ನೇ ನೆನಪು ಮಾಡಿಕೊಂಡು ಬರೆದೆ: "ಅನಿವಾರ್ಯ ಕಾರಣಗಳಿಂದ ಎರಡು ದಿನ ಶಾಲೆಗೆ ಬರಲು ಆಗಿರುವುದಿಲ್ಲ. ದಯವಿಟ್ಟು ರಜೆ ಮಂಜೂರು ಮಾಡಬೇಕಾಗಿ ವಿನಂತಿ. ತಮ್ಮ ವಿಧೇಯ ವಿದ್ಯಾರ್ಥಿ." ಕೆಳಗೆ ನನ್ನ ಸಹಿ ಹಾಕಿದೆ.

ಸಂಜೆ ಕರೆದುಕೊಂಡು ಬರಲು ಹೋದಾಗ ಟೀಚರ್ ಚೀಟಿ ಕೈಯಲ್ಲಿ ಹಿಡಿದು ಕೇಳಿದರು: "ಯಾವ ಎರಡು ದಿನಾರೀ ಇವು? ಏನಾಗಿತ್ತು ಹುಡುಗಗ? ಈಗ ಆರಾಮ ಅದಾನೋ ಇಲ್ಲೋ?" ಮೂರಕ್ಕೂ ಚೀಟಿಯಲ್ಲಿ ಉತ್ತರ ಇರಲಿಲ್ಲ. ಅವನಿಗೆ ಶುಕ್ರವಾರ ಮತ್ತು ಸೋಮವಾರ ಜ್ವರ ಇತ್ತು, ನಡುವೆ ಶನಿವಾರ ಅರ್ಧ ದಿನ ಬಂದಿದ್ದ. ಟೀಚರ್ ಶುಕ್ರವಾರ, ಶನಿವಾರ ಅಂತ ತಿಳಿದುಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ ಸೋಮವಾರ ಕಾರಣವಿಲ್ಲದ ಗೈರು ಆಗಿ ಉಳಿದಿತ್ತು. ಆ ಮೂರು ಪ್ರಶ್ನೆಗಳನ್ನು ನಾನು ಮರೆಯಲಿಲ್ಲ. ನಂತರ ಬರೆದ ಚೀಟಿಗಳೆಲ್ಲ ಅವುಗಳಿಗೆ ಕೊಟ್ಟ ಉತ್ತರಗಳೇ.

ಅವನು ನಾಲ್ಕನೇ ತರಗತಿಗೆ ಬಂದ ವರ್ಷ, 2024ರ ಜುಲೈ 7, ಭಾನುವಾರ ಸಂಜೆ ಆಟ ಬಿಟ್ಟು ಬಂದು ಸುಮ್ಮನೆ ಮಲಗಿದ. ಮೈ ಮುಟ್ಟಿದರೆ ಕೆಂಡ. ರಾತ್ರಿ ಹತ್ತಕ್ಕೆ ಥರ್ಮಾಮೀಟರ್ 102 ತೋರಿಸಿತು. ಆ ದಿನಗಳಲ್ಲಿ ರಾಜ್ಯದ ತುಂಬ ಡೆಂಗಿ ಸುದ್ದಿ. ಹಾಗಾಗಿ ಸೋಮವಾರ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಗಂಟಲು ಕೆಂಪಾಗಿದೆ, ನೆಗಡಿಯ ಜ್ವರ ಅಂದರು. ಆದರೂ ಡೆಂಗಿಯ ರಕ್ತ ಪರೀಕ್ಷೆ ಮಾಡಿಸಿದರು, ನೆಗೆಟಿವ್ ಬಂತು. ತೂಕ ನೋಡಿ ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟರು.

ಹಾಜರಿ ಹಾಕುವ ಹೊತ್ತಿಗೆ ಗೊತ್ತಿರಲಿ ಅಂತ ಸೋಮವಾರ ಬೆಳಿಗ್ಗೆಯೇ ಟೀಚರ್‌ಗೆ ಫೋನಿನಲ್ಲಿ ಒಂದು ಸಾಲು ಕಳಿಸಿದ್ದೆ: "ಮಗನಿಗೆ ಜ್ವರ, ಇಂದು ಬರುವುದಿಲ್ಲ, ಬಂದ ದಿನ ಚೀಟಿ ಕೊಡುತ್ತೇವೆ." ಚೀಟಿ ಮಾತ್ರ ಕಾಗದದ ಮೇಲೇ ಬೇಕು. ಫೋನಿನ ಮೆಸೇಜ್ ನೂರು ಮೆಸೇಜಿನ ಕೆಳಗೆ ಹೋಗುತ್ತದೆ. ಚೀಟಿಯಾದರೆ ಫೈಲಿನಲ್ಲಿ ಕೂರುತ್ತದೆ, ತಿಂಗಳ ಕೊನೆಗೆ ಹಾಜರಿ ಕೂಡಿಸುವಾಗ ಕೈಗೆ ಸಿಗುತ್ತದೆ.

ಸೋಮವಾರ ರಾತ್ರಿ ಎಂಟಕ್ಕೆ ಕೊನೆಯ ಸಲ ಸಿರಪ್ ಕೊಟ್ಟೆ. ಮಂಗಳವಾರ ಬೆಳಿಗ್ಗೆ ಮೈ ತಣ್ಣಗಿತ್ತು, 98.4. ಸಾಲಿಗೆ ಹೋಗತೀನಿ ಅಂತ ಅವನೇ ಹಟ ಹಿಡಿದ. ನಾನು ಕಳಿಸಲಿಲ್ಲ. ಹಿಂದೊಮ್ಮೆ ಬೆಳಿಗ್ಗೆ ಸಿರಪ್ ಕುಡಿಸಿ, ಜ್ವರ ಇಳಿಯಿತು ಅಂತ ಕಳಿಸಿ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಶಾಲೆಯಿಂದ ಫೋನ್ ಬಂದು ಓಡಿದ್ದೆ. ಆ ಔಷಧಿಯ ಬಲ ನಾಲ್ಕರಿಂದ ಆರು ತಾಸು. ಅಷ್ಟು ಹೊತ್ತು ಇಳಿದ ಜ್ವರವನ್ನು ಹೋದ ಜ್ವರ ಅನ್ನಲಾಗದು. ಔಷಧಿ ಇಲ್ಲದೆ ಒಂದು ಪೂರ್ತಿ ದಿನ, 24 ತಾಸು, ಜ್ವರ ಬರದಿದ್ದರೆ ಮಾತ್ರ ಕಳಿಸಿರಿ ಅಂತ ಡಾಕ್ಟರ್ ಹೇಳಿದ್ದರು. ಮಂಗಳವಾರದ ರಜೆ ಆ ಎಣಿಕೆಯದು. ಎರಡನೇ ದಿನ ಮಗು ಮನೆಯಲ್ಲಿ ಆಡುತ್ತಿದ್ದರೂ ಯಾಕೆ ಬರಲಿಲ್ಲ ಅನ್ನುವುದು ಟೀಚರ್‌ಗೆ ತಿಳಿಯಬೇಕಲ್ಲ. ಅದಕ್ಕೇ ಈ ಮಾತು ಚೀಟಿಯೊಳಗೆ ಬಂತು.

ಮಂಗಳವಾರ ರಾತ್ರಿ ಎಂಟಕ್ಕೆ ಮತ್ತೆ ಜ್ವರ ನೋಡಿ, ಇಲ್ಲ ಅಂತ ಖಾತ್ರಿ ಆದ ಮೇಲೆ ಬರೆಯಲು ಕೂತೆ. ಬರೆದದ್ದು ಇಷ್ಟು:

ದಿನಾಂಕ: 10-07-2024

ಇವರಿಗೆ,
ವರ್ಗ ಶಿಕ್ಷಕಿಯರು, 4ನೇ ತರಗತಿ, 'ಬ' ವಿಭಾಗ

ವಿಷಯ: ಜ್ವರದ ಕಾರಣ ದಿನಾಂಕ 8 ಮತ್ತು 9ರಂದು ಮಗ ಗೈರಾದ ಬಗ್ಗೆ.

ಮಾನ್ಯರೇ,
ನಿಮ್ಮ ತರಗತಿಯ ಹಾಜರಿ ಸಂಖ್ಯೆ 23, ನನ್ನ ಮಗನಿಗೆ ಭಾನುವಾರ ರಾತ್ರಿಯಿಂದ ಜ್ವರ ಇದ್ದ ಕಾರಣ 8-07-2024 (ಸೋಮವಾರ) ಮತ್ತು 9-07-2024 (ಮಂಗಳವಾರ) ಶಾಲೆಗೆ ಬಂದಿಲ್ಲ. ಡಾಕ್ಟರರಿಗೆ ತೋರಿಸಿದ್ದೇವೆ. ಗಂಟಲು ನೋವು, ನೆಗಡಿಯ ಜ್ವರ ಎಂದಿದ್ದಾರೆ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದಿದೆ. ಸೋಮವಾರ ರಾತ್ರಿ 8ರ ನಂತರ ಔಷಧಿ ಕೊಟ್ಟಿಲ್ಲ, ಜ್ವರವೂ ಬಂದಿಲ್ಲ. ಈ ಎರಡು ದಿನಗಳನ್ನು ಅನಾರೋಗ್ಯದ ರಜೆ ಎಂದು ಪರಿಗಣಿಸಬೇಕಾಗಿ ವಿನಂತಿ.

ಇನ್ನೂ ಸುಸ್ತು ಇದೆ. ಎರಡು ದಿನ ಆಟದ ಪಿರಿಯಡ್‌ನಲ್ಲಿ ಓಡಿಸದೆ ಕೂರಿಸಿರಿ. ಮತ್ತೆ ಮೈ ಬಿಸಿಯಾದರೆ, ವಾಂತಿ ಅಥವಾ ಹೊಟ್ಟೆನೋವು ಎಂದರೆ ಕೆಳಗಿನ ನಂಬರಿಗೆ ಫೋನ್ ಮಾಡಿರಿ, ತಕ್ಷಣ ಬರುತ್ತೇನೆ. ತಪ್ಪಿದ ಪಾಠಗಳನ್ನು ಅವನ ಡೈರಿಯಲ್ಲಿ ಬರೆದು ಕಳಿಸಿದರೆ ಮನೆಯಲ್ಲಿ ಮಾಡಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ತಾಯಿಯ ಸಹಿ, ಹೆಸರು, ಫೋನ್ ನಂಬರ್)

ಮಗನ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ, ಅಲ್ಲಿ ಪೂರ್ತಿ ಬರೆದಿದ್ದೆ. ಹಾಜರಿ ಸಂಖ್ಯೆಯನ್ನು ಬೇಕೆಂದೇ ಹಾಕಿದೆ, ಅವನ ವರ್ಗದಲ್ಲಿ ಅದೇ ಹೆಸರಿನ ಇನ್ನೊಬ್ಬ ಹುಡುಗ ಇದ್ದಾನೆ. ತಾರೀಕಿನ ಪಕ್ಕ ವಾರ ಬರೆದರೆ ಒಂದರಲ್ಲಿ ತಪ್ಪಾದರೂ ಇನ್ನೊಂದು ಹಿಡಿದುಕೊಡುತ್ತದೆ.

"ಮಂಜೂರು ಮಾಡಿ" ಅನ್ನುವುದನ್ನು ಬಿಟ್ಟಿದ್ದಕ್ಕೂ ಕಾರಣ ಇದೆ. ಊರಿಗೆ ಹೋಗುವ ಮುಂಚೆ ಕೇಳುವ ರಜೆಗೆ ಆ ಮಾತು ಸರಿ. ಇಲ್ಲಿ ರಜೆ ಆಗಿಹೋಗಿದೆ, ಅದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದಷ್ಟೇ ಕೇಳಬೇಕಾದದ್ದು. "ವಿಧೇಯ ವಿದ್ಯಾರ್ಥಿ" ಅನ್ನುವುದು ಮಕ್ಕಳು ತಾವೇ ಬರೆಯುವ ಅರ್ಜಿಯದು. ಪಾಲಕರು "ನನ್ನ ಮಗನಿಗೆ" ಅಂತ ಶುರು ಮಾಡಿ ಕೊನೆಗೆ ವಿದ್ಯಾರ್ಥಿ ಅಂತ ಸಹಿ ಮಾಡಿದರೆ ಚೀಟಿ ಯಾರದು ಅನ್ನುವುದೇ ತಿಳಿಯುವುದಿಲ್ಲ. ನನ್ನ ಮೊದಲ ಚೀಟಿಯಲ್ಲಿ ಅದೇ ಆಗಿತ್ತು.

ವಾಂತಿ, ಹೊಟ್ಟೆನೋವಿನ ಮಾತು ಹೆಚ್ಚಾಯಿತೇನೋ ಅಂತ ನಮ್ಮ ಮನೆಯವರು ಅಂದರು. ನಾನು ತೆಗೆಯಲಿಲ್ಲ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯದ ದಿನಗಳು ಶುರುವಾಗುತ್ತವೆ, ಒಂದು ಪರೀಕ್ಷೆ ನೆಗೆಟಿವ್ ಬಂದರೂ ಎರಡು ಮೂರು ದಿನ ಕಣ್ಣಿಟ್ಟಿರಿ ಅಂತ ಡಾಕ್ಟರ್ ಹೇಳಿದ್ದರು. ಆ ದಿನಗಳಲ್ಲಿ ಬೆಳಗಿನಿಂದ ಸಂಜೆತನಕ ಅವನ ಮೇಲೆ ಕಣ್ಣಿಡುವವರು ಟೀಚರೇ. ಡಾಕ್ಟರ್ ಚೀಟಿಯ ಝೆರಾಕ್ಸ್ ಜೊತೆಗೆ ಪಿನ್ ಹಾಕಿದೆ, ಮೂಲ ಪ್ರತಿ ಮನೆಯಲ್ಲಿ ಇಟ್ಟುಕೊಂಡೆ. ಎರಡು ದಿನಕ್ಕೆ ಶಾಲೆಯವರು ಅದನ್ನು ಕೇಳುವುದಿಲ್ಲ. ಡೆಂಗಿ ಕಾಲ ಆದ್ದರಿಂದ ಇರಲಿ ಅಂತ ಇಟ್ಟೆ.

ಬುಧವಾರ ಚೀಟಿಯನ್ನು ಬ್ಯಾಗಿನಲ್ಲಿ ಹಾಕದೆ ನಾನೇ ಹೋಗಿ ಟೀಚರ್ ಕೈಗೆ ಕೊಟ್ಟೆ. ಅವರು ನಿಂತಲ್ಲೇ ಓದಿ, ಹಾಜರಿ ಪುಸ್ತಕ ತೆರೆದು ಎರಡೂ ಮನೆಗಳನ್ನು ನೋಡಿಕೊಂಡರು. ಮಗನ ಹಣೆ ಮುಟ್ಟಿ ನೋಡಿ, "ಇವತ್ತ ಮುಂದಿನ ಬೆಂಚಿನ್ಯಾಗ ಕೂಡು, ನನ್ನ ಕಣ್ಣಮುಂದ ಇರು" ಅಂದರು. ಬಿಸಿಯೂಟದಲ್ಲಿ ಏನು ತಿನ್ನಬಹುದು ಅಂತ ನನ್ನನ್ನೇ ಕೇಳಿದರು. ಅದನ್ನು ಚೀಟಿಯಲ್ಲಿ ಬರೆಯುವುದು ಮರೆತಿದ್ದೆ. ಅನ್ನ ಸಾರು ಸಾಕು, ಖಾರ ಬೇಡ ಅಂತ ಬಾಯಿಮಾತಲ್ಲಿ ಹೇಳಿದೆ. ಈಗ ಒಂದು ಸಾಲು ಅದಕ್ಕೂ ಇಡುತ್ತೇನೆ.

ಸಂಜೆ ಡೈರಿಯಲ್ಲಿ ಟೀಚರ್ ಬರೆದದ್ದು: ಗಣಿತ, ಭಾಗಾಕಾರದ ಐದು ಲೆಕ್ಕ. ಕನ್ನಡ, ಪದ್ಯ ಬಾಯಿಪಾಠ, ಶುಕ್ರವಾರ ಕೇಳುತ್ತೇನೆ. ಕೆಳಗೆ ಇನ್ನೊಂದು ಸಾಲು, "ಊಟ ಅರ್ಧ ಮಾಡಿದ, ಜ್ವರ ಇಲ್ಲ."