ಎರಡು ರ‍್ಯಾಮ್ ಸ್ಟಿಕ್‌ಗಳನ್ನು ಸ್ಲಾಟ್ ಬದಲಿಸಿ ನೋಡಿದಾಗ

ನನ್ನ ಪಿಸಿಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುತ್ತೇನೆ. ಮೊದಲು ಇದ್ದದ್ದು 8 ಜಿಬಿಯ ಒಂದೇ ಡಿಡಿಆರ್4 ಸ್ಟಿಕ್. ಅದರಲ್ಲೇ 2 ಜಿಬಿ ಗ್ರಾಫಿಕ್ಸ್ ಪಾಲಿಗೆ ಹೋಗುತ್ತಿತ್ತು. ಉಳಿದ 6 ಜಿಬಿಯಲ್ಲಿ ವಿಂಡೋಸ್, ಬ್ರೌಸರ್, ಗೇಮ್ ಎಲ್ಲವೂ ಹಿಡಿಸಬೇಕು. ಹಿಡಿಸದಿದ್ದಾಗ ವಿಂಡೋಸ್ ಒಂದಷ್ಟನ್ನು ಡಿಸ್ಕ್‌ಗೆ ಸಾಗಿಸುತ್ತದೆ. ಅದು ಮತ್ತೆ ಬೇಕಾದಾಗ ಗೇಮ್ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಗೇಮ್ ಓಡುವಾಗಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ನೋಡಿದರೆ ಇದು ಗೊತ್ತಾಗುತ್ತದೆ. ನನ್ನದು ಯಾವಾಗಲೂ ತುಂಬಿಯೇ ಇರುತ್ತಿತ್ತು.

ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿದೆ. ಗೇಮ್ ನಿಂತು ಹೋಗುವುದು ತಪ್ಪಿತು, ಫ್ರೇಮ್‌ಗಳೂ ಜಾಸ್ತಿ ಆದವು. ಆದರೆ ಇದು ಜಾಗ ಹೆಚ್ಚಿದ್ದಕ್ಕೋ, ಎರಡು ಸ್ಟಿಕ್ ಆದದ್ದಕ್ಕೋ?

ಅದನ್ನು ತಿಳಿಯಲು ಸ್ಲಾಟ್ ಬದಲಿಸಿದೆ. ನಾಲ್ಕು ಸ್ಲಾಟ್‌ಗಳ ನನ್ನ ಮದರ್‌ಬೋರ್ಡ್‌ನಲ್ಲಿ A1, A2 ಒಂದು ಚಾನೆಲ್‌ಗೆ, B1, B2 ಇನ್ನೊಂದಕ್ಕೆ ಸೇರಿವೆ. ಚಾನೆಲ್ ಅಂದರೆ ಪ್ರೊಸೆಸರ್ ಮತ್ತು ಮೆಮೊರಿ ನಡುವೆ ಡೇಟಾ ಓಡಾಡುವ ದಾರಿ. ಪಿಸಿ ಆಫ್ ಮಾಡಿ, ವೈರ್ ಕಿತ್ತು, ಎರಡೂ ಸ್ಟಿಕ್‌ಗಳನ್ನು A1, A2ಗೆ ಹಾಕಿದೆ. ಈಗಲೂ 16 ಜಿಬಿಯೇ, ಆದರೆ ಚಾನೆಲ್ ಒಂದೇ. ಗೇಮ್ ನಿಲ್ಲಲಿಲ್ಲ, ಫ್ರೇಮ್‌ಗಳು ಮಾತ್ರ ಎದ್ದು ಕಾಣುವಷ್ಟು ಇಳಿದವು. A2, B2ಗೆ ಹಾಕಿದ ಕೂಡಲೇ ಮತ್ತೆ ಏರಿದವು. ತಡೆ ಹೋದದ್ದು ಜಾಗದಿಂದ, ವೇಗ ಬಂದದ್ದು ಬಹುಪಾಲು ಎರಡನೇ ಚಾನೆಲ್‌ನಿಂದ.

ಲೆಕ್ಕ ಸರಳ. ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್ ಒಮ್ಮೆಗೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಸೆಕೆಂಡಿಗೆ 3200 ದಶಲಕ್ಷ ಸಲ. ಗುಣಿಸಿದರೆ 25.6 ಜಿಬಿ. ಚಾನೆಲ್ ಎರಡಾದರೆ ಗರಿಷ್ಠ 51.2 ಜಿಬಿ. ಇದು ರಸ್ತೆಗೆ ಇನ್ನೊಂದು ಲೇನ್ ಸೇರಿಸಿದ ಹಾಗೆ: ಪ್ರತಿ ಗಾಡಿಯ ವೇಗ ಅಷ್ಟೇ, ಒಟ್ಟಿಗೆ ಹೋಗುವ ಗಾಡಿಗಳು ಜಾಸ್ತಿ. ಹಾಗಾಗಿ ಫ್ರೇಮ್‌ಗಳು ದುಪ್ಪಟ್ಟಾಗುವುದಿಲ್ಲ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ದಾರಿಯನ್ನೇ ಬಳಸುತ್ತದೆ. ಅದಕ್ಕೇ ನನಗೆ ಇಷ್ಟು ಲಾಭ. ಪ್ರತ್ಯೇಕ ಕಾರ್ಡ್ ಇದ್ದವರಿಗೆ ವ್ಯತ್ಯಾಸ ಕಡಿಮೆ. ಪ್ರೊಸೆಸರ್ ಮೇಲೆ ಹೊರೆ ಬೀಳುವ ಗೇಮ್‌ಗಳಲ್ಲಿ ಅವರಿಗೂ ಕಾಣಬಹುದು.

ಸ್ಟಿಕ್ ಹಾಕಿದ ಮೇಲೆ ಬಯೋಸ್‌ನಲ್ಲಿ, ಸ್ಟಿಕ್ ಅನ್ನು ಅದರ ಮೇಲೆ ಬರೆದ ವೇಗದಲ್ಲೇ ಓಡಿಸುವ XMP ಆನ್ ಆಗಿದೆಯೇ ನೋಡಿ. ಇಲ್ಲದಿದ್ದರೆ 3200ರ ಸ್ಟಿಕ್ 2133ರಲ್ಲೇ ಓಡುತ್ತಿರಬಹುದು. ಚಾನೆಲ್ ಎಷ್ಟು ಎಂದು ತಿಳಿಯಲು CPU-Z ಎಂಬ ಸಾಫ್ಟ್‌ವೇರ್‌ನ Memory ಪುಟದಲ್ಲಿ `Channel #` ನೋಡುತ್ತೇನೆ. ಡಿಡಿಆರ್4 ಆದರೆ ಅಲ್ಲಿ `Dual` ಅಥವಾ `2 x 64-bit` ಇರಬೇಕು. ಡಿಡಿಆರ್5ನಲ್ಲಿ ಒಂದೇ ಸ್ಟಿಕ್ ಕೂಡ `2 x 32-bit` ಎಂದು ತೋರಿಸುತ್ತದೆ. ಅದು ಎರಡು ಸ್ಟಿಕ್‌ಗಳ ವೇಗವಲ್ಲ.

ಸ್ಟಿಕ್‌ಗಳ ವೇಗ ಬೇರೆ ಬೇರೆ ಇದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಪಿಸಿ ಆನ್ ಆಗುವುದೇ ಇಲ್ಲ. ಈಗ ಹೊಸದಾಗಿ ಕೊಳ್ಳುವವರಿಗೆ ಜೊತೆಯಾಗಿ ಪರೀಕ್ಷಿಸಿ ಮಾರುವ 8 ಜಿಬಿಯ ಎರಡರ ಕಿಟ್ ಸಾಕು ಅನ್ನುತ್ತೇನೆ. ಗೇಮ್ ಜೊತೆ ರೆಕಾರ್ಡಿಂಗ್, ಹತ್ತಾರು ಟ್ಯಾಬ್ ಇಡುವವರು, ತೀರಾ ಹೊಸ ಭಾರಿ ಗೇಮ್ ಆಡುವವರು 16 ಜಿಬಿಯ ಎರಡನ್ನು ತೆಗೆದುಕೊಳ್ಳಲಿ.