ಗಂಧದ ಸೋಪಿನ ಫೋಟೋ ಕೆಳಗೆ ಏನು ಬರೆಯಬಹುದು, ಏನು ಬರೆಯಬಾರದು

ಕ್ಯಾಪ್ಶನ್ ಬರೆಯಲು ಕೂತಾಗ ನಾವು ಮೊದಲು ಫೋಟೋ ನೋಡುವುದಿಲ್ಲ, ಬ್ಯಾಚಿನ ಹಾಳೆ ನೋಡುತ್ತೇವೆ. ಹಾಳೆಯಲ್ಲಿ ಇಲ್ಲದ್ದು ಕ್ಯಾಪ್ಶನ್ನಿಗೆ ಬರಬಾರದು. ಕೇಳಲು ಸುಲಭ, ಆದರೆ ಗಂಧದ ಸೋಪಿನ ವಿಷಯದಲ್ಲಿ ಇದನ್ನು ಪಾಲಿಸುವುದು ಕಷ್ಟ. ಶ್ರೀಗಂಧ ಎಂದ ಕೂಡಲೇ ಮೊಡವೆ, ಕಲೆ, ಕಾಂತಿ, ತಂಪು ಎಲ್ಲವೂ ತಾವಾಗಿಯೇ ಪೆನ್ನಿನ ತುದಿಗೆ ಬರುತ್ತವೆ. ಅದರಲ್ಲೂ ಪುಣೆಯಲ್ಲಿ ದೀಪಾವಳಿಯ ಅಭ್ಯಂಗಕ್ಕೆ ಉಟಣೆ ಎಂಬ ಪರಿಮಳದ ಪುಡಿ ಹಚ್ಚಿಕೊಂಡು, ಗಂಧದ ಸೋಪು ಹಾಕಿಕೊಂಡು ಸ್ನಾನ ಮಾಡುವ ರೂಢಿ ಗಟ್ಟಿಯಾಗಿದೆ. ಉಟಣೆಯ ಪೊಟ್ಟಣದ ಮೇಲಿನ ಮಾತುಗಳೆಲ್ಲ ಸೋಪಿಗೂ ಸಲ್ಲುತ್ತವೆ ಎಂದೇ ಜನ ತಿಳಿಯುತ್ತಾರೆ.

ಹೊಸ ಬ್ಯಾಚಿನ ಹಾಳೆ ಹೀಗಿದೆ. ತವುಡೆಣ್ಣೆ 400 ಗ್ರಾಂ, ಕೊಬ್ಬರಿ ಎಣ್ಣೆ 350, ಆಲಿವ್ ಎಣ್ಣೆ 200, ಹರಳೆಣ್ಣೆ 50. ಒಟ್ಟು ಒಂದು ಕಿಲೋ ಎಣ್ಣೆ. ಒಂದೊಂದು ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಸೋಡಾ ಬೇರೆ ಬೇರೆ. ಗ್ರಾಂ ಎಣ್ಣೆಗೆ ಕೊಬ್ಬರಿ ಎಣ್ಣೆ ಸುಮಾರು 0.183, ತವುಡೆಣ್ಣೆ 0.133, ಆಲಿವ್ 0.135, ಹರಳೆಣ್ಣೆ 0.128 ಎಂದು ಹಿಡಿದರೆ ಒಟ್ಟು 150.6 ಗ್ರಾಂ ಆಗುತ್ತದೆ. ಅದರಲ್ಲಿ ನೂರಕ್ಕೆ ಐದು ಕಡಿಮೆ ಮಾಡಿ 143 ಗ್ರಾಂ ಹಾಕುತ್ತೇವೆ, ನೀರು ಅದರ ಎರಡರಷ್ಟು, 286 ಗ್ರಾಂ. ಸೋಡಾ ಕಡಿಮೆ ಹಾಕಿದ್ದರಿಂದ ಒಂದಿಷ್ಟು ಎಣ್ಣೆ ಸೋಪಾಗದೆ ಹಾಗೇ ಉಳಿಯುತ್ತದೆ. ಇದರ ಮೇಲೆ ಶ್ರೀಗಂಧದ ಎಣ್ಣೆ 10 ಗ್ರಾಂ, ಗಂಧದ ವಾಸನೆಯ ಸುಗಂಧ ಮಿಶ್ರಣ 15 ಗ್ರಾಂ, ಶ್ರೀಗಂಧದ ಪುಡಿ 10 ಗ್ರಾಂ. ಅಚ್ಚಿನಿಂದ ತೆಗೆದು ಕೊಯ್ದರೆ 13 ಬಿಲ್ಲೆ, ಹಸಿಯಾಗಿದ್ದಾಗ ಒಂದೊಂದು 112 ಗ್ರಾಂ ಆಸುಪಾಸು.

ಈಗ ಒಂದು ಬಿಲ್ಲೆಯ ಲೆಕ್ಕ ಹಾಕಿ. ಪುಡಿ ಮುಕ್ಕಾಲು ಗ್ರಾಂ, ಶ್ರೀಗಂಧದ ಎಣ್ಣೆಯೂ ಅಷ್ಟೇ. ವಾರಗಟ್ಟಲೆ ಬರುವ ಸೋಪಿನಲ್ಲಿ ಇಷ್ಟಿದೆ. ಅದೂ ಮೈಗೆ ಹಚ್ಚಿದ ಒಂದು ನಿಮಿಷದೊಳಗೆ ತೊಳೆದು ಹೋಗುತ್ತದೆ. ಗಂಧವನ್ನು ಸಾಣೆಕಲ್ಲಿನ ಮೇಲೆ ತೇಯ್ದು ಹಣೆಗೆ ಹಚ್ಚಿದರೆ ಅದು ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಗಂಧದ ಲೇಪದ ಬಗ್ಗೆ ಅಜ್ಜಿ ಹೇಳಿದ ಮಾತು ನಿಜವೇ ಇರಲಿ, ಅದನ್ನು ಈ ಮುಕ್ಕಾಲು ಗ್ರಾಮಿನ ಮೇಲೆ ಹೊರಿಸಲು ಆಧಾರವಿಲ್ಲ. ಚರ್ಮದ ಬಗ್ಗೆ ಯಾವ ಭರವಸೆಯನ್ನೂ ಬರೆಯದಿರುವುದಕ್ಕೆ ನಮಗೆ ಈ ಒಂದೇ ಲೆಕ್ಕ ಸಾಕು.

ಹಾಗಾದರೆ ಆ ಪುಡಿ ಯಾಕೆ? ಬಣ್ಣಕ್ಕೆ. ಪುಡಿಯಿಂದ ಮಂದ ಕಂದು ಬಣ್ಣವೂ ಹತ್ತಿರದಿಂದ ನೋಡಿದರೆ ಕಾಣುವ ಸಣ್ಣ ಚುಕ್ಕೆಗಳೂ ಬರುತ್ತವೆ. ಪರಿಮಳ ಅದರಿಂದ ಬರುವುದಿಲ್ಲ ಎಂದೇ ಹೇಳಬೇಕು. ಪುಡಿಯನ್ನು ತೆಳು ಮಲ್ಮಲ್ ಬಟ್ಟೆಯಲ್ಲಿ ಜರಡಿ ಹಿಡಿದು, ಅಳೆದಿಟ್ಟ ಎಣ್ಣೆಯಲ್ಲೇ ಒಂದೆರಡು ಚಮಚ ತೆಗೆದು ಅದರಲ್ಲಿ ಮೊದಲೇ ಕಲಸಿಟ್ಟು, ಸೋಪು ತೆಳುವಾಗಿ ಗಟ್ಟಿಯಾಗತೊಡಗಿದಾಗ ಸೇರಿಸಬೇಕು. ಒಣ ಪುಡಿ ನೇರ ಹಾಕಿದರೆ ಗಂಟು ಕಟ್ಟುತ್ತದೆ, ಕೊಯ್ದಾಗ ಕಪ್ಪು ಕಲೆಯಾಗಿ ಕಾಣುತ್ತದೆ. ಜರಡಿ ಹಿಡಿಯದ ಪುಡಿ ಮೈ ಕೆರೆಯುತ್ತದೆ. ಆಮೇಲೆ ಅದಕ್ಕೆ ‘ಸ್ಕ್ರಬ್’ ಎಂದು ಹೆಸರಿಟ್ಟು ಮಾರುವವರೂ ಇದ್ದಾರೆ, ಅದು ಬೇರೆ ಮಾತು. ಕೆಂಪು ಬಣ್ಣ ಬೇಕೆಂದು ರಕ್ತಚಂದನ ಹಾಕಿದರೆ ಅದನ್ನು ರಕ್ತಚಂದನ ಎಂದೇ ಬರೆಯಬೇಕು. ಅದು ಬೇರೆಯೇ ಮರ, ಶ್ರೀಗಂಧದ ವಾಸನೆ ಅದಕ್ಕಿಲ್ಲ, ಕ್ಷಾರದಲ್ಲಿ ಅದರ ಬಣ್ಣವೂ ಕೆಂಪಾಗಿ ಉಳಿಯದೆ ನೇರಳೆ-ಕಂದಿಗೆ ತಿರುಗುತ್ತದೆ.

ಪರಿಮಳದ ವಾಕ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅಸಲಿ ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. ಲಕ್ಷ ಎಂದೇ ಹಿಡಿದರೂ ಹತ್ತು ಗ್ರಾಮಿಗೆ ಸಾವಿರ, ಬಿಲ್ಲೆಯೊಂದಕ್ಕೆ 77 ರೂಪಾಯಿ. ಕಿಲೋ ಎಣ್ಣೆಗೆ ಹತ್ತು ಗ್ರಾಂ ಹಾಕಿದರೆ ವಾಸನೆ ಉಳಿಯುತ್ತದೆ, ಏಕೆಂದರೆ ಗಂಧದೆಣ್ಣೆ ಬೇಗ ಆರಿಹೋಗುವುದಲ್ಲ. ಆದರೆ ಅದು ಮೆತ್ತಗಿನ ವಾಸನೆ, ಬಚ್ಚಲ ಬಾಗಿಲಾಚೆಗೆ ಬರುವುದಿಲ್ಲ. ಕೊಳ್ಳುವವರ ಮೂಗು ಮೈಸೂರು ಸ್ಯಾಂಡಲ್ ಸೋಪಿಗೋ ಮೋತಿ ಸೋಪಿಗೋ ಒಗ್ಗಿಕೊಂಡಿರುತ್ತದೆ. ಮೂವತ್ತು ಗ್ರಾಂ ಹಾಕಿದರೆ ಎಣ್ಣೆಯ ಖರ್ಚೇ ಬಿಲ್ಲೆಗೆ 230 ದಾಟುತ್ತದೆ. ಹಾಗಾಗಿ ಸುಗಂಧ ಮಿಶ್ರಣ ಸೇರಿಸುತ್ತೇವೆ. ಸೇರಿಸುವುದು ತಪ್ಪಲ್ಲ, ಸೇರಿಸಿ ‘ಅಪ್ಪಟ ಶ್ರೀಗಂಧದ ಪರಿಮಳ’ ಎಂದು ಬರೆಯುವುದು ತಪ್ಪು.

ಎಣ್ಣೆ ಕೊಳ್ಳುವಾಗಲೂ ಕ್ಯಾಪ್ಶನ್ ನೆನಪಿರಬೇಕು. ಬಾಟಲಿಯ ಮೇಲೆ ಸಸ್ಯದ ಹೆಸರು ಸ್ಯಾಂಟಾಲಮ್ ಆಲ್ಬಮ್ ಎಂದಿದೆಯೇ ನೋಡಿ, ಎಣ್ಣೆಯಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಆ ಬ್ಯಾಚಿನ ಜಿಸಿ ರಿಪೋರ್ಟ್ ಕೇಳಿ. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 3518ರ ಪ್ರಕಾರ ಆಲ್ಫಾ ಸ್ಯಾಂಟಲಾಲ್ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಪ್ರತಿಶತ ಇರಬೇಕು. ಸ್ಯಾಂಟಾಲಮ್ ಸ್ಪೈಕೇಟಮ್ ಎಂದಿದ್ದರೆ ಅದು ಆಸ್ಟ್ರೇಲಿಯಾದ ಗಂಧ. ಬಳಸಬಹುದು, ಆದರೆ ನಮ್ಮ ನಾಡಿನ ಗಂಧ ಎಂದು ಬರೆಯುವಂತಿಲ್ಲ. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂಬ ಅಗ್ಗದ ಎಣ್ಣೆ ಅಮೈರಿಸ್ ಮರದ್ದು, ನಿಂಬೆಯ ಕುಟುಂಬಕ್ಕೆ ಸೇರಿದ್ದು, ಶ್ರೀಗಂಧಕ್ಕೂ ಅದಕ್ಕೂ ನಂಟಿಲ್ಲ. ಇನ್ನು ಕನ್ನಡದವರಾದ ನಮಗೆ ಮೈಸೂರು ಎಂಬ ಮಾತು ಸೇರಿಸುವ ಆಸೆ ಸಹಜ. ಮೈಸೂರು ಸ್ಯಾಂಡಲ್ ಸೋಪಿಗೆ ಭೌಗೋಳಿಕ ಸೂಚಕವಿದೆ, ಅದು ಕೆಎಸ್‌ಡಿಎಲ್‌ನದು. ನಮ್ಮ ಸೋಪಿಗೆ ಆ ಹೆಸರು ಬೇಡ.

ಫೋಟೋ ಕೂಡ ಒಂದು ಹೇಳಿಕೆಯೇ. ಬಿಲ್ಲೆಯ ಪಕ್ಕದಲ್ಲಿ ಗಂಧದ ಕೊರಡು, ಸಾಣೆಕಲ್ಲು, ತೇಯ್ದ ಗಂಧದ ಬಟ್ಟಲು ಇಟ್ಟರೆ ನೋಡಿದವರು ತೇಯ್ದ ಗಂಧವನ್ನೇ ಸೋಪಿಗೆ ಹಾಕಿದ್ದಾರೆ ಎಂದುಕೊಳ್ಳುತ್ತಾರೆ. ಕೆಳಗೆ ಎಷ್ಟೇ ಪ್ರಾಮಾಣಿಕವಾಗಿ ಬರೆದರೂ ಮೇಲಿನ ಚಿತ್ರವೇ ಗೆಲ್ಲುತ್ತದೆ. ನಾವು ಇಡುವುದು ಜರಡಿ ಹಿಡಿದ ಪುಡಿಯ ಒಂದು ಚಿಕ್ಕ ತಟ್ಟೆ, ಅಷ್ಟೇ. ಉಟಣೆಯ ಬಟ್ಟಲೂ ಬೇಡ, ಹೊಳೆಯುವ ಕೆನ್ನೆಯ ಮುಖವೂ ಬೇಡ. ಹಳದಿ ಬಲ್ಬಿನ ಕೆಳಗೆ ತೆಗೆದರೆ ಮಂದ ಕಂದು ಕಿತ್ತಳೆಯಾಗುತ್ತದೆ, ಹೀಗಾಗಿ ಕಿಟಕಿಯ ಬೆಳಕಿನಲ್ಲಿ ಬಿಳಿ ಕಾಗದ ಪಕ್ಕಕ್ಕಿಟ್ಟು ತೆಗೆದು, ಕಾಗದ ಬಿಳಿಯಾಗಿ ಕಾಣುವವರೆಗೆ ಬಣ್ಣ ಸರಿಪಡಿಸಬೇಕು. ಕೊಯ್ದ ದಿನದ ಫೋಟೋ ಹಾಕಬೇಡಿ. ಒಣಗಿದ ಬಿಲ್ಲೆಯ ಬಣ್ಣ ಬೇರೆ. ಪುಣೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಅಚ್ಚಿನ ನಡುಭಾಗ ಅಂಚಿಗಿಂತ ಹೆಚ್ಚು ಕಾದು ಬಿಲ್ಲೆಯ ಮಧ್ಯೆ ಗಾಢ ಬಣ್ಣದ ಉಂಗುರ ಮೂಡುತ್ತದೆ. ಬಳಕೆಗೆ ತೊಂದರೆಯಿಲ್ಲ, ಆದರೆ ಉಂಗುರವಿರುವ ಬ್ಯಾಚಿಗೆ ಉಂಗುರವಿರುವ ಬಿಲ್ಲೆಯ ಫೋಟೋವನ್ನೇ ಹಾಕಬೇಕು.

ಬಿಡಬೇಕಾದ ಪದಗಳಲ್ಲಿ ಮೊದಲನೆಯದು ‘ಕೆಮಿಕಲ್ ಫ್ರೀ’. ಕಾಸ್ಟಿಕ್ ಸೋಡಾ ಇಲ್ಲದೆ ಈ ಸೋಪು ಆಗುವುದೇ ಇಲ್ಲ. ಅದು ಎಣ್ಣೆಯೊಂದಿಗೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುತ್ತದೆ, ಸರಿಯಾಗಿ ಮಾಡಿದ ಬಿಲ್ಲೆಯಲ್ಲಿ ಸೋಡಾ ಸೋಡಾವಾಗಿ ಉಳಿಯುವುದಿಲ್ಲ ಎಂದು ಬರೆಯಬಹುದು, ಅದು ನಿಜ. ‘ಪಿಎಚ್ ಬ್ಯಾಲೆನ್ಸ್ಡ್’ ಬೇಡ, ಎಣ್ಣೆಯ ಸೋಪಿನ ಪಿಎಚ್ 9-10ರ ಹತ್ತಿರವೇ ಇರುತ್ತದೆ. ‘ಆಲಿವ್ ಎಣ್ಣೆ ಚರ್ಮದಲ್ಲಿ ಉಳಿಯುತ್ತದೆ’ ಎಂಬುದೂ ಬೇಡ. ಸೋಪಾಗದೆ ಉಳಿದ ನೂರಕ್ಕೆ ಐದರಷ್ಟರಲ್ಲಿ ಯಾವ ಎಣ್ಣೆ ಎಷ್ಟು ಎಂದು ನಾವು ಆರಿಸಲಾಗದು. ‘ಆಯುರ್ವೇದಿಕ್’ ಎಂದು ಬರೆಯಲು ಆಯುಷ್ ಪರವಾನಗಿ ಬೇರೆ ಬೇಕು. ಮೊಡವೆ, ತುರಿಕೆ, ಎಕ್ಸಿಮಾ ಎಂದ ಕೂಡಲೇ ಸೋಪು ಔಷಧಿಯ ಸಾಲಿಗೆ ಹೋಗುತ್ತದೆ. ಸೋಪು ಕಾಸ್ಮೆಟಿಕ್; ಮಾರಲು ತಯಾರಿಸಬೇಕಾದರೆ ರಾಜ್ಯದ ಎಫ್‌ಡಿಎ ಪರವಾನಗಿ ಬೇಕು, ಕಾಸ್ಮೆಟಿಕ್ಸ್ ರೂಲ್ಸ್ 2020 ತಪ್ಪು ದಾರಿಗೆಳೆಯುವ ಹೇಳಿಕೆಗಳಿಗೆ ಅವಕಾಶ ಕೊಡುವುದಿಲ್ಲ.

ಇಷ್ಟೆಲ್ಲ ತೆಗೆದ ಮೇಲೆ ಉಳಿದ ಕ್ಯಾಪ್ಶನ್ ಇದು:

> ಹೊಸದು: ಶ್ರೀಗಂಧ. ಪರಿಮಳ ಶ್ರೀಗಂಧದ ಎಣ್ಣೆ ಮತ್ತು ಸುಗಂಧ ಮಿಶ್ರಣ ಎರಡರಿಂದ. ಕಂದು ಬಣ್ಣ ಶ್ರೀಗಂಧದ ಪುಡಿಯದು, ಬೇರೆ ಬಣ್ಣ ಹಾಕಿಲ್ಲ.
>
> ಆರು ವಾರ ಒಣಗಿಸಿದ ಗಟ್ಟಿ ಬಿಲ್ಲೆ. ಕೊಬ್ಬರಿ ಎಣ್ಣೆಯಿಂದ ನೊರೆ ಚೆನ್ನಾಗಿ ಬರುತ್ತದೆ. ವಾಸನೆ ಮೆದು, ಸ್ನಾನದ ಹೊತ್ತಿಗೆ ತಿಳಿಯುತ್ತದೆ, ದಿನವಿಡೀ ಇರುವುದಿಲ್ಲ.
>
> ಪದಾರ್ಥಗಳು: ತವುಡೆಣ್ಣೆ, ಕೊಬ್ಬರಿ ಎಣ್ಣೆ, ನೀರು, ಆಲಿವ್ ಎಣ್ಣೆ, ಕಾಸ್ಟಿಕ್ ಸೋಡಾ, ಹರಳೆಣ್ಣೆ, ಸುಗಂಧ ಮಿಶ್ರಣ, ಶ್ರೀಗಂಧದ ಎಣ್ಣೆ, ಶ್ರೀಗಂಧದ ಪುಡಿ.
>
> ಇದು ಮೈ ತೊಳೆಯುವ ಸೋಪು, ಔಷಧಿಯಲ್ಲ. ಸುಗಂಧ ಒಗ್ಗದವರು ನಮ್ಮ ವಾಸನೆಯಿಲ್ಲದ ಬಿಲ್ಲೆ ಕೇಳಿ. 95 ಗ್ರಾಂ.

ಪರಿಮಳದ ಸಾಲನ್ನು ಮೇಲೆಯೇ ಇಟ್ಟಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಸುಗಂಧ ಮಿಶ್ರಣದ ಮಾತು ಆ ಮಡಿಕೆಯೊಳಗೆ ಹೋದರೆ ಹೇಳಿದ್ದೂ ಹೇಳದಂತೆಯೇ. ಪದಾರ್ಥಗಳ ಸಾಲು ತೂಕದ ಇಳಿಕೆಯ ಕ್ರಮದಲ್ಲಿದೆ. ಗಂಧವನ್ನು ಎಲ್ಲಕ್ಕಿಂತ ಮುಂದೆ ಬರೆದರೆ ಅದೇ ಹೆಚ್ಚು ಎಂಬ ಅರ್ಥ ಬರುತ್ತದೆ. ಇನ್ನು 95 ಗ್ರಾಂ ಒಣಗಿದ ಮೇಲಿನ ತೂಕ. ಹಸಿ 112 ಗ್ರಾಮಿನ ಬಿಲ್ಲೆ ಆರು ವಾರದಲ್ಲಿ 98ರ ಸುತ್ತ ನಿಲ್ಲುತ್ತದೆ, ಅಂಗಡಿಯಲ್ಲಿ ಇನ್ನೂ ಸ್ವಲ್ಪ ಇಳಿಯುತ್ತದೆ. ಜುಲೈ-ಆಗಸ್ಟಿನಲ್ಲಿ ಆರು ವಾರವೂ ಸಾಲದು. ಮಳೆಗಾಲದ ತೇವಕ್ಕೆ ಗ್ಲಿಸರಿನ್ ನೀರು ಎಳೆದುಕೊಂಡು ಬಿಲ್ಲೆಯ ಮೇಲೆ ಹನಿ ಕೂರುತ್ತದೆ. ಆಗ ಒಂದೆರಡು ಬಿಲ್ಲೆಯನ್ನು ವಾರಕ್ಕೊಮ್ಮೆ ತೂಗಿ, ಇಳಿಕೆ ನಿಂತ ಮೇಲೆಯೇ ಕಟ್ಟಬೇಕು.

ಕ್ಯಾಪ್ಶನ್ ಎಷ್ಟೇ ಸರಿಯಿದ್ದರೂ ಕೆಳಗೆ ಪ್ರಶ್ನೆ ಬಂದೇ ಬರುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಕೇಳುವ ರೀತಿ ಹೀಗೆ: ‘ಅಕ್ಕಾರ, ಇದನ್ನ ಹಚ್ಚಿದ್ರ ಮಾರಿ ಮ್ಯಾಲಿನ ಕಲಿ ಹೋಗ್ತಾವೇನ್ರೀ?’ ಉತ್ತರ ಅದೇ ಧಾಟಿಯಲ್ಲಿ ಕೊಡುತ್ತೇವೆ: ‘ಇಲ್ರೀ, ಇದು ಜಳಕದ ಸೋಪು. ವಾಸನಿ ಚಂದ ಅದ, ನೊರಿ ಚಲೋ ಬರ್ತದ. ಕಲಿಗೆ ಡಾಕ್ಟರಿಗೆ ತೋರಸ್ರಿ.’ ಕೊಂಡವರೊಬ್ಬರು ‘ನನ್ನ ಮೊಡವೆ ಹೋಯಿತು’ ಎಂದು ಬರೆದರೆ ಅಲ್ಲಿ ಥ್ಯಾಂಕ್ಸ್ ಹೇಳಬಹುದು. ಆದರೆ ಆ ಮಾತನ್ನು ತೆಗೆದು ನಮ್ಮ ಪುಟದಲ್ಲಿ ಎತ್ತಿ ತೋರಿಸಿದರೆ ಅದು ನಮ್ಮದೇ ಹೇಳಿಕೆಯಾಗುತ್ತದೆ, ಹಾಗಾಗಿ ಅದನ್ನು ಹಂಚುವುದಿಲ್ಲ. ಆಲಿವ್ ಎಣ್ಣೆಯ ಬದಲು ಬೇರೆ ಎಣ್ಣೆ ಹಾಕಿದರೆ ಕಾಸ್ಟಿಕ್ ಸೋಡಾದ ಲೆಕ್ಕ ಹೊಸದಾಗಿ ಮಾಡಬೇಕು, ಮುದ್ರಿಸಿದ ಲೇಬಲ್ ಜೊತೆಗೆ ಹಳೆಯ ಫೋಟೋದ ಕೆಳಗಿನ ಪದಾರ್ಥಗಳ ಸಾಲನ್ನೂ ತಿದ್ದಬೇಕು.