ಕೌಂಟ್ ಇಳಿಯುವ ಮೊದಲೇ ಹೊಟ್ಟೆಯ ಕಡೆ ಗಮನ: ಕೀಮೋ ವಾರ್ಡಿನಲ್ಲಿ ನನ್ನ ಅನುಭವ

ಹಾಸನದ ಆಸ್ಪತ್ರೆಯೊಂದರ ಕೀಮೋ ವಾರ್ಡಿನಲ್ಲಿ ನಾನು ಶುಶ್ರೂಷಕಿ. ಔಷಧಿ ಏರಿಸಿಕೊಂಡು ಮನೆಗೆ ಹೊರಟವರ ಬಳಿ ಕುಳಿತು ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತನಾಡುವುದು ಮಲಬದ್ಧತೆಯ ಬಗ್ಗೆ. ವಾಂತಿಯಾದರೆ, ಜ್ವರ ಬಂದರೆ ಮನೆಯವರು ತಾವಾಗಿಯೇ ಫೋನ್ ಮಾಡುತ್ತಾರೆ. ಆದರೆ ಎರಡಕ್ಕೆ ಹೋಗಿ ನಾಲ್ಕು ದಿನವಾಯಿತು ಎಂಬ ಮಾತನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ಹೇಳುವ ಹೊತ್ತಿಗೆ ಮಲ ಗಟ್ಟಿಯಾಗಿ, ಹಳೆಯ ಮೂಲವ್ಯಾಧಿ ಕೆರಳಿ, ರಕ್ತದ ಕೌಂಟ್ ಕೂಡ ಇಳಿದಿರುತ್ತದೆ.

ಇವೆಲ್ಲ ಒಟ್ಟಿಗೆ ಬರುವುದಕ್ಕೆ ಕಾರಣವಿದೆ. ವಾಂತಿ ತಡೆಯಲು ಕೊಡುವ ಆನ್‌ಡಾನ್‌ಸೆಟ್ರಾನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ನೋವಿಗೆ ಕೊಡುವ ಟ್ರಮಡಾಲ್ ಅಥವಾ ಮಾರ್ಫಿನ್ ಅದನ್ನು ಇನ್ನೂ ನಿಧಾನ ಮಾಡುತ್ತವೆ. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿಯಂತೂ ಕರುಳನ್ನು ನಡೆಸುವ ನರಗಳ ಮೇಲೆಯೇ ಪರಿಣಾಮ ಬೀರುತ್ತದೆ. ಹೀಗಾಗಿ ಕೀಮೋ ಆದ ಎರಡು ಮೂರು ದಿನಗಳಲ್ಲೇ ಹೊಟ್ಟೆ ಕಟ್ಟಲು ಶುರುವಾಗುತ್ತದೆ. ಇತ್ತ ಬಿಳಿ ರಕ್ತಕಣಗಳು ಹೆಚ್ಚಿನ ಕೀಮೋಗಳಲ್ಲಿ 7ರಿಂದ 14ನೇ ದಿನದ ನಡುವೆ ತಳಮಟ್ಟ ಮುಟ್ಟುತ್ತವೆ. ಮೊದಲ ವಾರ ಸುಮ್ಮನಿದ್ದು ಎರಡನೇ ವಾರ ಮುಕ್ಕಿ ಮುಕ್ಕಿ ಗಟ್ಟಿ ಮಲ ಹೊರಹಾಕಿದರೆ, ಗುದದ್ವಾರದಲ್ಲಿ ಗಾಯವಾಗುವುದು ಸೋಂಕನ್ನು ತಡೆಯುವ ಶಕ್ತಿ ದೇಹಕ್ಕೆ ತೀರ ಕಡಿಮೆ ಇರುವ ದಿನಗಳಲ್ಲೇ. ಆ ಸಣ್ಣ ಸೀಳಿನ ಮೂಲಕ ಮಲದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ.

ಅರಸೀಕೆರೆ ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇತ್ತು. 21 ದಿನಕ್ಕೊಮ್ಮೆ ಕೊಡುವ, ವಿನ್‌ಕ್ರಿಸ್ಟಿನ್ ಸೇರಿದ ಕೀಮೋ ನಡೆಯುತ್ತಿತ್ತು. ಅವರಿಗೆ ಮೊದಲಿನಿಂದಲೂ ಪೈಲ್ಸ್ ಇತ್ತು, ಬೆನ್ನುನೋವಿಗೆ ಟ್ರಮಡಾಲ್ ನುಂಗುತ್ತಿದ್ದರು. ಮೊದಲ ಸುತ್ತಿನ 9ನೇ ದಿನ ಅವರ ಹೆಂಡತಿ ಫೋನ್ ಮಾಡಿದರು. "ಸಿಸ್ಟರ್, ಇವ್ರು ಐದು ದಿನದಿಂದ ಎರಡಕ್ಕೆ ಹೋಗಿಲ್ಲ. ಇವತ್ತು ಮುಕ್ಕಿದ್ರೆ ಬರೀ ರಕ್ತ ಬಂತು. ಮೆಡಿಕಲ್ ಶಾಪಿನಲ್ಲಿ ಎನಿಮಾ ಕೊಟ್ಟವ್ರೆ, ಹಾಕ್ಲಾ?" ಎಂದು ಕೇಳಿದರು. ಹಾಕಬೇಡಿ, ಇರುವಂತೆಯೇ ಕರೆದುಕೊಂಡು ಬನ್ನಿ ಎಂದೆ.

ಅಂದಿನ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 1,200, ಅದರಲ್ಲಿ ಬ್ಯಾಕ್ಟೀರಿಯಾದ ವಿರುದ್ಧ ಮೊದಲು ಹೋರಾಡುವ ನ್ಯೂಟ್ರೋಫಿಲ್ ಎಂಬ ಕಣ ಶೇ. 30 ಎಂದಿತ್ತು. 1,200ರಲ್ಲಿ ಶೇ. 30 ಎಂದರೆ 360. ಮನೆಯವರು ರಿಪೋರ್ಟಿನಲ್ಲಿ ಒಟ್ಟು ಸಂಖ್ಯೆಯನ್ನಷ್ಟೇ ನೋಡುತ್ತಾರೆ, ಆದರೆ ನಮಗೆ ಬೇಕಾದದ್ದು ಈ ಲೆಕ್ಕ. ಅದು 500ಕ್ಕಿಂತ ಕೆಳಗಿದ್ದರೆ ಸೋಂಕಿನ ಅಪಾಯ ತೀವ್ರವಾಗಿದೆ ಎಂದರ್ಥ. ಇಂಥ ಹೊತ್ತಿನಲ್ಲಿ ಎನಿಮಾ, ಗ್ಲಿಸರಿನ್ ಗುಳಿಗೆ, ಪೈಲ್ಸ್ ಮುಲಾಮಿನ ಉದ್ದ ಮೂತಿ, ಥರ್ಮಾಮೀಟರ್, ಕೊನೆಗೆ ವೈದ್ಯರ ಬೆರಳು ಸಹ ಗುದದ್ವಾರದೊಳಗೆ ಹೋಗಬಾರದು. ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಿದ್ದರೆ ರಕ್ತಸ್ರಾವದ ಭಯವೂ ಸೇರಿಕೊಳ್ಳುತ್ತದೆ. ಪೈಲ್ಸಿಗೆ ಬ್ಯಾಂಡ್ ಹಾಕುವುದು, ಇಂಜೆಕ್ಷನ್ ಕೊಡುವುದು, ಊರಿನಲ್ಲಿ ಯಾರೋ ಮಾಡುವ ದಾರದ ಚಿಕಿತ್ಸೆ, ಇವು ಯಾವುವೂ ಆ ದಿನಗಳಲ್ಲಿ ಸಲ್ಲವು.

ನಮ್ಮ ವೈದ್ಯರು ಹೊರಗಿನಿಂದಷ್ಟೇ ನೋಡಿದರು. ಹೊಟ್ಟೆ ಮೆತ್ತಗಿತ್ತು, ಗಾಳಿ ಹೋಗುತ್ತಿತ್ತು, ವಾಂತಿ ಇರಲಿಲ್ಲ. ಅಂದರೆ ಕರುಳು ಪೂರ್ತಿ ಕಟ್ಟಿಕೊಂಡಿರಲಿಲ್ಲ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾಗಿದ್ದರೆ ಮಲ ಸಡಿಲಿಸುವ ಔಷಧಿ ಕೊಡುವುದೇ ಅಪಾಯವಾಗುತ್ತಿತ್ತು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು 17 ಗ್ರಾಮಿನಂತೆ ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಬೆಳಿಗ್ಗೆ, ಸಂಜೆ ಕೊಡಲು, ರಾತ್ರಿ ಸೆನ್ನಾ ಮಾತ್ರೆ ಕೊಡಲು ಬರೆದರು. ಪುಡಿ ನೀರನ್ನು ಕರುಳಿನಲ್ಲೇ ಹಿಡಿದಿಟ್ಟು ಮಲವನ್ನು ಮೆದುಗೊಳಿಸುತ್ತದೆ, ಸೆನ್ನಾ ಕರುಳನ್ನು ಚಲಿಸುವಂತೆ ಮಾಡುತ್ತದೆ. ಎರಡನೇ ದಿನ ಸಂಜೆ ಅವರಿಗೆ ಮಲ ಹೋಯಿತು.

ಆ ಎರಡು ದಿನ ನಾನು ಹೆಚ್ಚು ಕಾಳಜಿ ವಹಿಸಿದ್ದು ನೋವಿನ ಬಗ್ಗೆ. ನ್ಯೂಟ್ರೋಫಿಲ್ ಇಲ್ಲದಾಗ ಕೀವು ಆಗುವುದಿಲ್ಲ, ಊತವೂ ಹೆಚ್ಚು ಕಾಣುವುದಿಲ್ಲ. ಗುದದ್ವಾರದ ಪಕ್ಕ ಬಾವು ಬೆಳೆಯುತ್ತಿದ್ದರೂ ಕುಳಿತರೆ ನೋವು, ಸ್ವಲ್ಪ ಕೆಂಪು, ಮುಟ್ಟಿದರೆ ಗಟ್ಟಿ ಅನ್ನುವಷ್ಟೇ ಲಕ್ಷಣ. ಆದ್ದರಿಂದ ಪೈಲ್ಸ್ ನೋವು ಎಂದು ರೋಗಿ ಹೇಳಿದಾಗಲೆಲ್ಲ ನಾನು ಉಷ್ಣಾಂಶ ನೋಡಿ ವೈದ್ಯರಿಗೆ ತಿಳಿಸುತ್ತೇನೆ. ಬಾಯಲ್ಲಿಟ್ಟು ನೋಡಿದಾಗ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೆ, ಅಥವಾ 100.4 ಡಿಗ್ರಿ ಒಂದು ಗಂಟೆ ಇಳಿಯದೆ ನಿಂತರೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಅದಕ್ಕೆ ಮೊದಲು ಪ್ಯಾರಾಸಿಟಮಾಲ್ ನುಂಗಿದರೆ ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯುತ್ತದೆ. ಕೀಮೋ ಜೊತೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅದೂ ಜ್ವರವನ್ನು ಅಡಗಿಸಬಲ್ಲದು, ಹಾಗಾಗಿ ಜ್ವರವಿಲ್ಲದೆ ಚಳಿ ನಡುಕ ಬಂದರೂ ತಡಮಾಡಬಾರದು. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಈ ಬೆಳೆಗಾರರಿಗೆ ಹಿತವಾದದ್ದು, ತೊಳೆದು ಶುಚಿ ಮಾಡಿದ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ 10-15 ನಿಮಿಷ ಕುಳಿತು, ಮೆತ್ತನೆಯ ಒಣ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿಕೊಂಡದ್ದು.

ಎರಡನೇ ಸುತ್ತಿಗೆ ಬಂದಾಗ ವೈದ್ಯರ ಒಪ್ಪಿಗೆಯೊಂದಿಗೆ ಕ್ರಮ ಬದಲಿಸಿದೆವು. ಕೀಮೋ ದಿನದ ರಾತ್ರಿಯೇ ಸೆನ್ನಾ, ಮರುದಿನ ಬೆಳಿಗ್ಗೆಯಿಂದ ಪುಡಿ. ಹೊಟ್ಟೆ ಕಟ್ಟಿದ ಮೇಲಲ್ಲ, ಕಟ್ಟುವ ಮೊದಲೇ. ಬೇಧಿಯಾದರೆ ಅಂದಿನ ಸೆನ್ನಾ, ಪುಡಿ ನಿಲ್ಲಿಸುವುದು, ಎರಡು ದಿನ ಮಲ ಹೋಗದಿದ್ದರೆ ಫೋನ್ ಮಾಡುವುದು ಎಂದು ಗೊತ್ತುಮಾಡಿದೆವು. ಬೆನ್ನುನೋವು ಕಡಿಮೆಯಾಗಿದ್ದರಿಂದ ವೈದ್ಯರು ಟ್ರಮಡಾಲ್ ಇಳಿಸಿದರು. ಅವರ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಮಲ ಗಟ್ಟಿಯೋ ಮೆದುವೋ ಎಂದು, ಅದರ ಕೆಳಗೆ ಸಂಜೆಯ ಉಷ್ಣಾಂಶವನ್ನು ಬರೆದಿಟ್ಟರು.

ಅವರಿಗೆ ಯಾರೋ ಇಸಬ್‌ಗೋಲ್ ಹೇಳಿದ್ದರು. ಸಾಕಷ್ಟು ನೀರು ಕುಡಿಯಲಾಗದವರಲ್ಲಿ, ನೋವಿನ ಮಾತ್ರೆಯಿಂದ ಕರುಳು ನಿಧಾನವಾಗಿರುವವರಲ್ಲಿ ಅದು ಉಬ್ಬಿ ಅಲ್ಲೇ ಕೂರಬಹುದು, ಆದ್ದರಿಂದ ಬೇಡವೆಂದೆ. ಮುದ್ದೆ, ಬೇಯಿಸಿದ ಸೊಪ್ಪಿನ ಸಾರು, ಸಿಪ್ಪೆ ತೆಗೆದ ಪಪ್ಪಾಯಿ ಇರಲಿ, ಜೊತೆಗೆ ನೀರೂ ಇರಲಿ ಎಂದೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗಾದರೆ ನೀರಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹರಳೆಣ್ಣೆ ಕುಡಿಸುವ ಮಾತನ್ನೂ ತಡೆದೆ, ಅದು ಒಮ್ಮೆಲೇ ಜೋರಾಗಿ ಬೇಧಿ ಮಾಡಿಸಿ ದೇಹದ ನೀರನ್ನೆಲ್ಲ ಕಳೆಯುತ್ತದೆ.

ಹಲವು ದಿನ ಮಲ ಹೋಗದೆ ಆಮೇಲೆ ಇದ್ದಕ್ಕಿದ್ದಂತೆ ನೀರಿನಂತೆ ಸ್ವಲ್ಪ ಸ್ವಲ್ಪವೇ ಸೋರಲು ಶುರುವಾದರೆ ಅದನ್ನು ಬೇಧಿ ಎಂದುಕೊಳ್ಳಬಾರದು ಎಂಬುದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಗಟ್ಟಿ ಮಲದ ಉಂಡೆಯ ಪಕ್ಕದಿಂದ ನೀರು ಜಾರುತ್ತಿರಬಹುದು, ಆಗ ಬೇಧಿ ನಿಲ್ಲಿಸುವ ಲೋಪೆರಮೈಡ್ ನುಂಗಿದರೆ ಹೊಟ್ಟೆ ಇನ್ನಷ್ಟು ಕಟ್ಟುತ್ತದೆ.

ಎರಡನೇ ಸುತ್ತಿನ 10ನೇ ದಿನ ಅವರ ನ್ಯೂಟ್ರೋಫಿಲ್ ಮತ್ತೆ 500ಕ್ಕಿಂತ ಕೆಳಗೇ ಇತ್ತು. ಆದರೆ ಕ್ಯಾಲೆಂಡರಿನಲ್ಲಿ ದಿನ ಬಿಟ್ಟು ದಿನವಾದರೂ 'ಮೆದು' ಎಂದಿತ್ತು, ರಕ್ತ ಕಂಡಿರಲಿಲ್ಲ, ಜ್ವರ ಬಂದಿರಲಿಲ್ಲ. ಉಳಿದ ಸುತ್ತುಗಳಿಗೂ ಅದೇ ಕ್ರಮ ಮುಂದುವರಿಸಿದೆವು. ಪೈಲ್ಸಿನ ಚಿಕಿತ್ಸೆಯನ್ನು, ಕೀಮೋ ಮುಗಿದು ಕೌಂಟ್ ಸರಿಹೋದ ಮೇಲೆ ಶಸ್ತ್ರಚಿಕಿತ್ಸಕರು ನೋಡಲೆಂದು ವೈದ್ಯರು ಮುಂದಕ್ಕೆ ಇಟ್ಟರು.